ಬೀಗದ ಕೈ ಯಾರ ಸೊಂಟದಲ್ಲಿ?

ಶನಿವಾರ ರಾತ್ರಿ ಹತ್ತೂವರೆಗೆ ಹುಬ್ಬಳ್ಳಿಯ ಒಂದು ಜಾಹೀರಾತು ಏಜೆನ್ಸಿಯ ಯಜಮಾನರಿಗೆ ಫೋನ್ ಬಂತು. ಅವರು ಗದಗದಲ್ಲಿ ಮದುವೆ ಮನೆಯಲ್ಲಿದ್ದರು, ಫೋನು ಸೈಲೆಂಟ್‌ನಲ್ಲಿತ್ತು. ಬೆಳಿಗ್ಗೆ ಆರಕ್ಕೆ ನೋಡಿದರೆ ಒಂದೇ ನಂಬರಿನಿಂದ ಏಳು ಮಿಸ್ಡ್ ಕಾಲ್. ಅವರ ಕ್ಲೈಂಟ್ ಆಗಿದ್ದ ಒಂದು ಕಣ್ಣಾಸ್ಪತ್ರೆಯ ಡಾಕ್ಟರ ಮಗನ ನಂಬರು ಅದು. ತಿರುಗಿ ಫೋನ್ ಮಾಡಿದಾಗ ಹುಡುಗ ಕೇಳಿದ ಮೊದಲ ಮಾತು, "ಸರ್, ಎಂಟು ದಿನಕ್ಕ ಅಂತ ಹಾಕಿದ ರೊಕ್ಕ ಒಂದ ತಾಸಿನ್ಯಾಗ ಖಾಲಿ ಆಗೇತಿ. ನೀವ ಏನರ ಮಾಡೀರೇನ್ರಿ?"

ಯಜಮಾನರು ಏನೂ ಮಾಡಿರಲಿಲ್ಲ. ಮಾಡಿದವನು ಯಾರೋ, ಎಲ್ಲಿಯವನೋ ಇವತ್ತಿಗೂ ಗೊತ್ತಿಲ್ಲ. ಆ ರಾತ್ರಿ ಮೂರು ಕ್ಲೈಂಟ್‌ಗಳ ಗೂಗಲ್ ಆ್ಯಡ್ಸ್ ಖಾತೆಗಳಲ್ಲಿ ಹೊಸ ಕ್ಯಾಂಪೇನ್‌ಗಳು ಹುಟ್ಟಿಕೊಂಡಿದ್ದವು. ಯಾರೂ ಕೇಳದ ಯಾವುದೋ ಆನ್‌ಲೈನ್ ಅಂಗಡಿಯ ಜಾಹೀರಾತು ಇಂಗ್ಲಿಷಿನಲ್ಲಿ, ಬೇರೆ ದೇಶದ ಜನರಿಗೆ ಕಾಣುವಂತೆ ಓಡುತ್ತಿತ್ತು. ಕಣ್ಣಾಸ್ಪತ್ರೆಯ ಖಾತೆಯಲ್ಲಿ 6,400 ರೂಪಾಯಿ ಹೋಗಿತ್ತು, ಒಂದು ಹೋಂಸ್ಟೇ ಖಾತೆಯಲ್ಲಿ 3,100. ದಾವಣಗೆರೆಯ ಒಡವೆ ಅಂಗಡಿಯ ಖಾತೆಯಲ್ಲಿ ಮಾತ್ರ 87,000.

ಆ ಏಜೆನ್ಸಿಗೆ ನಾನು ಆಗಾಗ ಲೆಕ್ಕಪತ್ರ ನೋಡಲು ಹೋಗುತ್ತಿದ್ದೆ, ಭಾನುವಾರ ಮಧ್ಯಾಹ್ನ ನನ್ನನ್ನೂ ಕರೆಸಿದರು. ಒಂದೇ ಕಳ್ಳ, ಒಂದೇ ರಾತ್ರಿ, ಮೂರು ಖಾತೆ. ಹಾಗಿದ್ದೂ ಎರಡರಲ್ಲಿ ಸಾವಿರಗಳಲ್ಲಿ ನಿಂತದ್ದು ಮೂರನೆಯದರಲ್ಲಿ ಲಕ್ಷದ ಹತ್ತಿರ ಹೋಯಿತು ಏಕೆ? ಈ ವ್ಯತ್ಯಾಸ ಕಳ್ಳನಿಂದ ಆದದ್ದಲ್ಲ. ಏಜೆನ್ಸಿಯವರು ಎರಡು ವರ್ಷದ ಹಿಂದೆ ಖಾತೆ ತೆರೆಯುವಾಗ, ಅಷ್ಟೇನೂ ಯೋಚಿಸದೆ ಮಾಡಿದ್ದ ಆಯ್ಕೆಗಳಿಂದ ಆದದ್ದು.

ಮೊದಲು ಕಳ್ಳ ಒಳಗೆ ಬಂದ ದಾರಿ ನೋಡೋಣ. ಶುಕ್ರವಾರ ಸಂಜೆ ಏಜೆನ್ಸಿಯ ಒಬ್ಬ ಹುಡುಗಿಗೆ ಇಮೇಲ್ ಬಂದಿತ್ತು, ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದವಳು. ಹೊಸ ಕ್ಲೈಂಟ್ ಒಬ್ಬರು ತಮ್ಮ ಖಾತೆಗೆ ಆಹ್ವಾನಿಸಿದ್ದಾರೆ, ಒಪ್ಪಿಕೊಳ್ಳಲು ಇಲ್ಲಿ ಒತ್ತಿ ಎಂದಿತ್ತು. ಅಂಥ ಇಮೇಲ್ ಏಜೆನ್ಸಿಗಳಿಗೆ ವಾರಕ್ಕೆರಡು ಬರುವುದೇ. ಒತ್ತಿದಳು, ಲಾಗಿನ್ ಪುಟ ಬಂತು, ಪಾಸ್‌ವರ್ಡ್ ಹಾಕಿದಳು, ಫೋನಿಗೆ ಬಂದ ಕೋಡನ್ನೂ ಹಾಕಿದಳು. ಪುಟ ನಕಲಿ. ಅವಳು ಹಾಕಿದ್ದನ್ನೆಲ್ಲ ಅದು ಅದೇ ಕ್ಷಣದಲ್ಲಿ ಅಸಲಿ ಪುಟಕ್ಕೆ ದಾಟಿಸುತ್ತಿತ್ತು. ಹೀಗಾಗಿ ಎರಡು ಹಂತದ ಪರಿಶೀಲನೆ ಇದ್ದೂ ಕಳ್ಳ ಒಳಗಿದ್ದ. ಪಾಸ್‌ವರ್ಡ್ ಜೊತೆ ಒಟಿಪಿ ಇದ್ದರೆ ಸಾಕು ಎಂದು ನಂಬಿದವರು ಇದನ್ನು ಗಮನಿಸಬೇಕು. ನೀವೇ ಕೈಯಾರೆ ಟೈಪ್ ಮಾಡುವ ಕೋಡನ್ನು ನಕಲಿ ಪುಟ ಕಸಿಯಬಲ್ಲದು. ಪಾಸ್‌ಕೀ ಅಥವಾ ಯುಎಸ್‌ಬಿ ಸೆಕ್ಯುರಿಟಿ ಕೀ ಹಾಗಲ್ಲ. ಅದು ವೆಬ್ ವಿಳಾಸವನ್ನೇ ಪರೀಕ್ಷಿಸುತ್ತದೆ, ವಿಳಾಸ ತಪ್ಪಿದ್ದರೆ ಉತ್ತರ ಕೊಡುವುದೇ ಇಲ್ಲ.

ಇದು ಹುಬ್ಬಳ್ಳಿಯ ಹುಡುಗಿಯೊಬ್ಬಳ ಅಜಾಗರೂಕತೆಯ ಕಥೆಯೂ ಅಲ್ಲ. ಜಾಹೀರಾತು ಖಾತೆ ನೋಡಿಕೊಳ್ಳುವವರನ್ನೇ ಹುಡುಕಿ ಬೇಟೆಯಾಡುವ ಗುಂಪುಗಳಿವೆ. 2022ರ ಜುಲೈನಲ್ಲಿ ವಿತ್‌ಸೆಕ್ಯೂರ್ ಎಂಬ ಫಿನ್ಲೆಂಡ್‌ನ ಭದ್ರತಾ ಸಂಸ್ಥೆ ಡಕ್‌ಟೇಲ್ ಎಂಬ ಕುತಂತ್ರಾಂಶದ ವಿವರ ಪ್ರಕಟಿಸಿತು. ಅದು ಲಿಂಕ್ಡ್‌ಇನ್‌ನಲ್ಲಿ ಮಾರ್ಕೆಟಿಂಗ್‌ನವರನ್ನು ಗುರುತಿಸಿ, ಕೆಲಸಕ್ಕೆ ಸಂಬಂಧಿಸಿದ್ದೆನಿಸುವ ಫೈಲ್ ಕಳಿಸಿ, ಬ್ರೌಸರಿನಲ್ಲಿರುವ ಲಾಗಿನ್ ಕುಕಿಗಳನ್ನು ಕದಿಯುತ್ತಿತ್ತು. ಅವುಗಳ ಬಲದಿಂದ ಫೇಸ್‌ಬುಕ್ ಬಿಸಿನೆಸ್ ಖಾತೆಗೆ ಕಳ್ಳನ ಇಮೇಲನ್ನು ಅಡ್ಮಿನ್ ಆಗಿ ಸೇರಿಸುತ್ತಿತ್ತು. 2025ರ ಜನವರಿಯಲ್ಲಿ ಮಾಲ್‌ವೇರ್‌ಬೈಟ್ಸ್ ಇನ್ನೊಂದು ಬಗೆಯನ್ನು ವರದಿ ಮಾಡಿತು. ಗೂಗಲ್ ಆ್ಯಡ್ಸ್ ಲಾಗಿನ್ ಪುಟ ಹುಡುಕುವವರಿಗೆ ಕಾಣುವಂತೆ ನಕಲಿ ಲಾಗಿನ್ ಪುಟದ ಜಾಹೀರಾತನ್ನೇ ಕೊಟ್ಟು ಖಾತೆ ಕದಿಯುವುದು ಅದರ ರೀತಿ. ಕಳ್ಳರಿಗೆ ಏಜೆನ್ಸಿಯ ಮೇಲೆ ಯಾಕಿಷ್ಟು ಪ್ರೀತಿ ಎಂದರೆ, ಅಂಗಡಿಯವನೊಬ್ಬನ ಲಾಗಿನ್ ಕದ್ದರೆ ಒಂದು ಖಾತೆ ಸಿಗುತ್ತದೆ, ಏಜೆನ್ಸಿಯವನದು ಸಿಕ್ಕರೆ ಗೊಂಚಲೇ ಸಿಗುತ್ತದೆ.

ಆ ಗೊಂಚಲಿಗೆ ಗೂಗಲ್‌ನಲ್ಲಿ ಮ್ಯಾನೇಜರ್ ಖಾತೆ ಎಂದು ಹೆಸರು. ಕಸುಬಿನವರು ಹಳೆಯ ಹೆಸರಿನಲ್ಲಿ ಇನ್ನೂ ಎಂಸಿಸಿ ಎನ್ನುತ್ತಾರೆ. ಪ್ರತಿ ಕ್ಲೈಂಟ್‌ಗೂ ಹತ್ತು ಅಂಕಿಯ ಗುರುತಿನ ಸಂಖ್ಯೆಯಿರುವ ತನ್ನದೇ ಆ್ಯಡ್ಸ್ ಖಾತೆ ಇರುತ್ತದೆ. ಏಜೆನ್ಸಿ ಆ ಸಂಖ್ಯೆ ಕೇಳಿ ಪಡೆದು ತನ್ನ ಮ್ಯಾನೇಜರ್ ಖಾತೆಯಿಂದ ಕೋರಿಕೆ ಕಳಿಸುತ್ತದೆ. ಕ್ಲೈಂಟ್ ಒಪ್ಪಿದ ಮೇಲೆ ಎರಡೂ ಖಾತೆಗಳ ನಡುವೆ ಕೊಂಡಿ ಬೀಳುತ್ತದೆ. ಆಗ ಏಜೆನ್ಸಿಯವರು ಒಂದೇ ಲಾಗಿನ್‌ನಿಂದ ಇಪ್ಪತ್ತೆರಡು ಖಾತೆ ನೋಡಬಹುದು. ಕ್ಲೈಂಟ್ ಬೇಡವೆಂದ ದಿನ ತನ್ನ ಖಾತೆಯ `Access and security` ಪುಟಕ್ಕೆ ಹೋಗಿ, `Managers` ಎಂಬಲ್ಲಿ ಆ ಕೊಂಡಿ ಕಳಚಬಹುದು. ಖಾತೆ, ಅದರ ಹಳೆಯ ಲೆಕ್ಕ, ಕಲಿತ ಪಾಠ ಎಲ್ಲ ಕ್ಲೈಂಟ್ ಬಳಿಯೇ ಉಳಿಯುತ್ತವೆ.

ಕೊಂಡಿ ಹಾಕುವಾಗ ಇನ್ನೊಂದು ಮಾತು ಬರುತ್ತದೆ. ಮ್ಯಾನೇಜರ್ ಖಾತೆಗೆ ಕ್ಲೈಂಟ್ ಖಾತೆಯ ಮಾಲೀಕತ್ವವನ್ನೂ ಕೊಡಬಹುದು, ಕೊಡದೆಯೂ ಇರಬಹುದು. ಕೊಟ್ಟರೆ ಏಜೆನ್ಸಿಯ ಅಡ್ಮಿನ್ ಆ ಖಾತೆಗೆ ಹೊಸಬರನ್ನು ಸೇರಿಸಬಹುದು, ಇದ್ದವರನ್ನು ತೆಗೆಯಬಹುದು. ಕೊಡದಿದ್ದರೆ ಜಾಹೀರಾತು ನಡೆಸಬಹುದೇ ಹೊರತು ಮನೆಯಲ್ಲಿ ಯಾರಿರಬೇಕೆಂದು ನಿರ್ಧರಿಸುವಂತಿಲ್ಲ. ಬಹುಪಾಲು ಏಜೆನ್ಸಿಗಳು ಖಾತೆಯನ್ನು ಮ್ಯಾನೇಜರ್ ಖಾತೆಯ ಒಳಗಿನಿಂದಲೇ ತೆರೆದುಬಿಡುತ್ತವೆ, ಎರಡೇ ನಿಮಿಷದ ಕೆಲಸ ಅದು. ಹಾಗೆ ತೆರೆದ ಖಾತೆಯಲ್ಲಿ ಕ್ಲೈಂಟ್‌ನ ಹೆಸರೇ ಇರುವುದಿಲ್ಲ. ಹಣ ಅವರದು, ಅಂಗಡಿ ಅವರದು, ಖಾತೆಗೆ ಮಾತ್ರ ಅವರು ಪರಕೀಯರು.

ಯಾಕೆ ಹೀಗೆ ಎಂದು ಕೇಳಿದರೆ ಹುಬ್ಬಳ್ಳಿಯ ಯಜಮಾನರು ಮುಚ್ಚುಮರೆ ಮಾಡಲಿಲ್ಲ. "ಕ್ಲೈಂಟ್ ಕೈಯಾಗ ಅಡ್ಮಿನ್ ಕೊಟ್ರ ನಾಳೆ ಅಗ್ಗಕ್ಕ ಮಾಡೋನ ಕಡೆ ಹೋಗ್ತಾನ" ಎಂದರು. ಆ ಭಯ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಆ ರಾತ್ರಿ ಏನಾಯಿತು ನೋಡಿ. ಕಣ್ಣಾಸ್ಪತ್ರೆಯವರು ಹಟ ಹಿಡಿದು ಮೊದಲೇ ತಮ್ಮ ಹೆಸರಲ್ಲಿ ಖಾತೆ ತೆರೆದು, ಏಜೆನ್ಸಿಗೆ ಬರೀ ಕೊಂಡಿ ಕೊಟ್ಟಿದ್ದರು. ಹಾಗಾಗಿ ಹಣ ಮುಗಿದ ಕೂಡಲೇ ಗೂಗಲ್ ಕಳಿಸಿದ ಇಮೇಲ್ ಡಾಕ್ಟರ ಮಗನಿಗೆ ಬಂತು. ಅವನು ಖಾತೆ ತೆರೆದು ಗುರುತಿಲ್ಲದ ಕ್ಯಾಂಪೇನ್ ಕಂಡ, ಕೊಂಡಿ ಕಿತ್ತುಹಾಕಿ ಆಮೇಲೆ ಫೋನ್ ಮಾಡಿದ. ಒಡವೆ ಅಂಗಡಿಯ ಖಾತೆ ಏಜೆನ್ಸಿಯ ಒಳಗೇ ಹುಟ್ಟಿದ್ದು. ಅದರ ಇಮೇಲ್‌ಗಳೆಲ್ಲ ಏಜೆನ್ಸಿಯ ಒಂದೇ ವಿಳಾಸಕ್ಕೆ ಬರುತ್ತಿದ್ದವು, ಶನಿವಾರ ರಾತ್ರಿ ಅದನ್ನು ತೆರೆದು ನೋಡುವವರು ಯಾರೂ ಇರಲಿಲ್ಲ. ಏಜೆನ್ಸಿ ಯಾರನ್ನು ಹೊರಗಿಡಲು ನೋಡಿತ್ತೋ ಅವರೇ ಮೊದಲು ಎಚ್ಚರಿಸಿದವರು.

ಇನ್ನು ಗೊಂಚಲಿನೊಳಗಿನ ವಿಚಾರ. ಗೂಗಲ್ ಆ್ಯಡ್ಸ್‌ನಲ್ಲಿ ಒಬ್ಬ ವ್ಯಕ್ತಿಗೆ ಕೊಡಬಹುದಾದ ಆ್ಯಕ್ಸೆಸ್ ಐದು ಬಗೆಯದು. `Email only` ಇದ್ದವರಿಗೆ ವರದಿ, ಸೂಚನೆ ಇಮೇಲ್‌ಗೆ ಬರುತ್ತವೆ, ಒಳಗೆ ಕಾಲಿಡುವಂತಿಲ್ಲ. `Billing` ಹಣದ ಪುಟಗಳಿಗೆ. `Read only` ಇದ್ದವರು ನೋಡಬಹುದು, ಮುಟ್ಟುವಂತಿಲ್ಲ. `Standard` ಇದ್ದವರು ಜಾಹೀರಾತು, ಬಜೆಟ್, ಕೀವರ್ಡ್ ಎಲ್ಲ ಬದಲಿಸಬಹುದು. `Admin` ಇದ್ದವರು ಇದೆಲ್ಲದರ ಜೊತೆಗೆ ಜನರನ್ನು ಸೇರಿಸಬಹುದು, ತೆಗೆಯಬಹುದು, ಮ್ಯಾನೇಜರ್ ಕೊಂಡಿಗಳನ್ನು ಒಪ್ಪಬಹುದು, ಕಳಚಬಹುದು. ಕೊನೆಯ ಎರಡರ ನಡುವಿನ ಗೆರೆಯೇ ಮುಖ್ಯ. ದಿನನಿತ್ಯದ ಜಾಹೀರಾತು ಕೆಲಸಕ್ಕೆ `Standard` ಧಾರಾಳವಾಗಿ ಸಾಕು. `Admin` ಬೇಕಾಗುವುದು ವರ್ಷಕ್ಕೆ ನಾಲ್ಕಾರು ಬಾರಿ, ಯಾರೋ ಸೇರಿದಾಗ ಅಥವಾ ಬಿಟ್ಟಾಗ.

ಆರು ತಿಂಗಳ ಹುಡುಗಿಗೆ ಎಂಸಿಸಿಯ ತುದಿಯಲ್ಲೇ `Admin` ಕೊಟ್ಟಿದ್ದರು. ಮೊದಲ ವಾರ ಏನೋ ಒಂದು ಪುಟ ತೆರೆಯುತ್ತಿಲ್ಲ ಎಂದಳಂತೆ, ಯಾರೋ ಕಿರಿಕಿರಿ ಬೇಡವೆಂದು ಎಲ್ಲಕ್ಕಿಂತ ಮೇಲಿನದನ್ನು ಕೊಟ್ಟುಬಿಟ್ಟರು. ತುದಿಯಲ್ಲಿ ಸಿಕ್ಕಿದ ಆ್ಯಕ್ಸೆಸ್ ಕೆಳಗಿನ ಪ್ರತಿ ಖಾತೆಗೂ ಹರಿದು ಹೋಗುತ್ತದೆ. ಅವಳು ನಿಜವಾಗಿ ನೋಡಿಕೊಳ್ಳುತ್ತಿದ್ದದ್ದು ಏಳು ಖಾತೆ, ಕಳ್ಳನಿಗೆ ಸಿಕ್ಕಿದ್ದು ಇಪ್ಪತ್ತೆರಡು. `Admin` ಆಗಿದ್ದರಿಂದ ಅವನು ಮೊದಲು ಮಾಡಿದ ಕೆಲಸ ತನ್ನದೊಂದು ಜಿಮೇಲ್ ವಿಳಾಸವನ್ನು ಅಡ್ಮಿನ್ ಆಗಿ ಸೇರಿಸಿಕೊಂಡದ್ದು. ಇನ್ನು ಹುಡುಗಿ ಪಾಸ್‌ವರ್ಡ್ ಬದಲಿಸಿದರೂ ಅವನಿಗೆ ಚಿಂತೆಯಿಲ್ಲ, ಅವನ ಬಳಿ ಅವನದೇ ಬೀಗದ ಕೈ ಇದೆ.

ಅವಳಿಗೆ `Standard` ಮಾತ್ರ ಇದ್ದಿದ್ದರೆ ಕಳ್ಳತನ ತಪ್ಪುತ್ತಿರಲಿಲ್ಲ, ಅದನ್ನೂ ಹೇಳಬೇಕು. ಬಜೆಟ್ ಏರಿಸಲು, ಹೊಸ ಕ್ಯಾಂಪೇನ್ ಹಾಕಲು `Standard` ಸಾಕು. ಆದರೆ ತನ್ನ ಜಿಮೇಲ್ ಸೇರಿಸಿಕೊಳ್ಳಲು ಆಗುತ್ತಿರಲಿಲ್ಲ, ಅವಳನ್ನು ಹೊರಗೆ ಹಾಕಿದ ಕ್ಷಣವೇ ಅವನೂ ಹೊರಗಿರುತ್ತಿದ್ದ.

ಸರಿಯಾದ ಕಟ್ಟಡ ಹೀಗಿರಬೇಕು. ಮೇಲೊಂದು ಮ್ಯಾನೇಜರ್ ಖಾತೆ, ಅದರಲ್ಲಿ ಇಬ್ಬರೇ ಅಡ್ಮಿನ್. ಒಬ್ಬರೇ ಇರಬಾರದು, ಆ ಒಬ್ಬರ ಫೋನ್ ಕಳೆದರೆ ಮನೆಗೇ ಬೀಗ ಬಿದ್ದಂತೆ. ಅದರ ಕೆಳಗೆ ತಂಡಕ್ಕೊಂದರಂತೆ ಉಪ ಮ್ಯಾನೇಜರ್ ಖಾತೆಗಳು, ಅವುಗಳ ಕೆಳಗೆ ಕ್ಲೈಂಟ್ ಖಾತೆಗಳು. ನೌಕರರನ್ನು ತಮ್ಮ ತಂಡದ ಉಪ ಮ್ಯಾನೇಜರ್ ಖಾತೆಗೆ ಮಾತ್ರ ಸೇರಿಸಬೇಕು, ಅದೂ `Standard` ಆಗಿ. ಒಬ್ಬರ ಲಾಗಿನ್ ಹೋದರೆ ಏಳು ಖಾತೆಗೆ ಅಪಾಯ, ಇಪ್ಪತ್ತೆರಡಕ್ಕಲ್ಲ. ಮೇಲಿನ ಖಾತೆಯ ಭದ್ರತಾ ಪುಟದಲ್ಲಿ `Allowed domains` ಎಂಬ ಆಯ್ಕೆಯಿದೆ. ಅಲ್ಲಿ ಏಜೆನ್ಸಿಯ ಸ್ವಂತ ಡೊಮೈನ್ ಮಾತ್ರ ಬರೆದರೆ ಬೇರೆ ವಿಳಾಸಗಳಿಗೆ ಆಹ್ವಾನ ಹೋಗುವುದೇ ಇಲ್ಲ. ನಮ್ಮ ಕಳ್ಳ ಅಡ್ಮಿನ್ ಆಗಿದ್ದರಿಂದ ಆ ಪಟ್ಟಿಯನ್ನೇ ತಿದ್ದಬಹುದಿತ್ತು ನಿಜ, ಆದರೂ ಒಂದು ಅಡ್ಡಗೋಡೆ ಹೆಚ್ಚಾಗುತ್ತಿತ್ತು. ಈ ಆಯ್ಕೆಯ ದೊಡ್ಡ ಲಾಭ ಬೇರೆಯೇ ಇದೆ. ಅವಸರದಲ್ಲಿ ನೌಕರರ ಸ್ವಂತ ಜಿಮೇಲ್‌ಗಳಿಗೆ ಆ್ಯಕ್ಸೆಸ್ ಕೊಡುವ ಚಾಳಿಗೆ ಅದು ಕಡಿವಾಣ ಹಾಕುತ್ತದೆ.

ಆ ಚಾಳಿ ಎಷ್ಟು ಆಳವಾಗಿದೆ ಎಂದು ತಿಳಿದದ್ದು ಆ ಭಾನುವಾರವೇ. ಒಂದೊಂದು ಕ್ಲೈಂಟ್ ಖಾತೆಯ ಬಳಕೆದಾರರ ಪಟ್ಟಿ ತೆಗೆದು ಓದುತ್ತ ಹೋದೆವು. ಒಂದೂವರೆ ವರ್ಷದ ಹಿಂದೆ ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದ ಹುಡುಗನೊಬ್ಬನ ಸ್ವಂತ ಜಿಮೇಲ್ ಐದು ಖಾತೆಗಳಲ್ಲಿತ್ತು. ಬಿಟ್ಟುಹೋದ ದಿನ ಅವನನ್ನು ಎಂಸಿಸಿಯಿಂದ ತೆಗೆದಿದ್ದರು, ನೆನಪಿತ್ತು. ಆದರೆ ಕ್ಲೈಂಟ್ ಖಾತೆಗೆ ನೇರವಾಗಿ ಸೇರಿದ ಹೆಸರು ಎಂಸಿಸಿಯಿಂದ ತೆಗೆದರೆ ಹೋಗುವುದಿಲ್ಲ, ಎರಡೂ ಬೇರೆ ಬೇರೆ ಬಾಗಿಲು. ಹುಡುಗ ಒಳ್ಳೆಯವನು, ಅವನಿಗೇ ಅದು ನೆನಪಿರಲಿಲ್ಲ. ಅವನ ಜಿಮೇಲ್ ನಾಳೆ ಕಳುವಾದರೆ ಆ ಐದು ಖಾತೆಗಳೂ ಹೋಗುತ್ತಿದ್ದವು, ಅಷ್ಟೆ. ನೌಕರರನ್ನು ಕ್ಲೈಂಟ್ ಖಾತೆಗೆ ನೇರವಾಗಿ ಸೇರಿಸಲೇಬಾರದು, ಎಲ್ಲರೂ ಮ್ಯಾನೇಜರ್ ಖಾತೆಯ ಮೂಲಕವೇ ಬರಬೇಕು ಎನ್ನುವುದು ಇದಕ್ಕೇ. ಆಗ ಬಿಟ್ಟುಹೋದ ದಿನ ಒಂದು ಕಡೆ ಹೆಸರು ಅಳಿಸಿದರೆ ಮುಗಿಯಿತು.

ಇನ್ನೂ ಕೆಟ್ಟದ್ದು ಒಂದೇ ಲಾಗಿನ್ ಅನ್ನು ಇಡೀ ಆಫೀಸು ಹಂಚಿಕೊಳ್ಳುವುದು, ಪಾಸ್‌ವರ್ಡ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಗೂಗಲ್ ಆ್ಯಡ್ಸ್‌ನಲ್ಲಿ `Change history` ಎಂಬ ಪುಟವಿದೆ. ಹಿಂದಿನ ಎರಡು ವರ್ಷದಲ್ಲಿ ಯಾವ ಇಮೇಲ್‌ನವರು ಯಾವ ಗಳಿಗೆಯಲ್ಲಿ ಏನು ಬದಲಿಸಿದರು ಎಂಬುದು ಅಲ್ಲಿ ಸಾಲಾಗಿ ಸಿಗುತ್ತದೆ. ನಮಗೆ ಕಳ್ಳನ ಹೆಜ್ಜೆ ಸಿಕ್ಕಿದ್ದು ಅಲ್ಲೇ. ಎಲ್ಲರೂ ಒಂದೇ ಹೆಸರಲ್ಲಿ ಒಳಬಂದರೆ ಆ ಪುಟದಲ್ಲಿ ಒಂದೇ ಹೆಸರಿರುತ್ತದೆ, ಕಳ್ಳನೂ ಮನೆಯವನೂ ಒಂದೇ.

ಈಗ ಆ 87,000ಕ್ಕೆ ಬರೋಣ. ಕಣ್ಣಾಸ್ಪತ್ರೆ ಮತ್ತು ಹೋಂಸ್ಟೇ ಖಾತೆಗಳಲ್ಲಿ ಹಣ ಮುಂಚಿತವಾಗಿ ತುಂಬುವ ಪದ್ಧತಿಯಿತ್ತು. ಫೋನ್ ರೀಚಾರ್ಜ್ ಇದ್ದಂತೆ, ಇದ್ದಷ್ಟು ಓಡುತ್ತದೆ, ಮುಗಿದರೆ ಜಾಹೀರಾತು ನಿಲ್ಲುತ್ತದೆ. ಮತ್ತೆ ತುಂಬಬೇಕೆಂದರೆ ಕ್ಲೈಂಟ್‌ನ ಫೋನಿಗೆ ಒಟಿಪಿ ಬರಬೇಕು ಅಥವಾ ಅವರೇ ಯುಪಿಐ ಪಿನ್ ಒತ್ತಬೇಕು. ಕಳ್ಳನಿಗೆ ಸಿಕ್ಕಿದ್ದು ಡಬ್ಬದ ತಳದಲ್ಲಿದ್ದಷ್ಟೆ. ಒಡವೆ ಅಂಗಡಿಯ ಖಾತೆ ಹಾಗಿರಲಿಲ್ಲ. ಏಜೆನ್ಸಿಗೆ ಗೂಗಲ್‌ನಿಂದ ಸಾಲದ ಮಿತಿ ಸಿಕ್ಕಿತ್ತು. ತಿಂಗಳಿಡೀ ಖರ್ಚು ಮಾಡಿ, ತಿಂಗಳ ಕೊನೆಗೆ ಬಂದ ಇನ್ವಾಯ್ಸ್ ಕಟ್ಟುವ ಪದ್ಧತಿ ಅದು. ದೊಡ್ಡ ಮೂರು ಕ್ಲೈಂಟ್‌ಗಳನ್ನು ಆ ಸಾಲಕ್ಕೇ ಸೇರಿಸಿದ್ದರು.

ಇನ್ವಾಯ್ಸ್ ಪದ್ಧತಿಯಲ್ಲೂ ಕಟ್ಟೆ ಕಟ್ಟಲು ಸಾಧ್ಯವಿದೆ. ಅದಕ್ಕೆ `Account budget` ಎಂದು ಹೆಸರು. ಒಂದು ಖಾತೆ ಇಂಥ ತಾರೀಖಿನಿಂದ ಇಂಥ ತಾರೀಖಿನೊಳಗೆ ಒಟ್ಟು ಇಷ್ಟೇ ಖರ್ಚು ಮಾಡಬೇಕು ಎಂದು ಬರೆಯಬಹುದು, ಮುಟ್ಟಿದರೆ ಎಲ್ಲ ಜಾಹೀರಾತು ನಿಲ್ಲುತ್ತದೆ. ಏಜೆನ್ಸಿಯವರು ಅಲ್ಲಿ ಮಿತಿಯಿಲ್ಲ ಎಂಬುದನ್ನು ಆರಿಸಿದ್ದರು. ದೀಪಾವಳಿ ಸಮಯದಲ್ಲಿ ಒಮ್ಮೆ ಮಿತಿ ಮುಟ್ಟಿ ಜಾಹೀರಾತು ನಿಂತು ಅಂಗಡಿಯವರಿಂದ ಬೈಸಿಕೊಂಡಿದ್ದರಂತೆ, ಅಂದಿನಿಂದ ಅದರ ಗೊಡವೆಗೇ ಹೋಗಿರಲಿಲ್ಲ. ದಿನಕ್ಕೆ 1,500 ರೂಪಾಯಿಯ ಖಾತೆಯಲ್ಲಿ ಕಳ್ಳ ದಿನಕ್ಕೆ 60,000ದ ಎರಡು ಕ್ಯಾಂಪೇನ್ ಹಾಕಿದ.

ದಿನದ ಬಜೆಟ್ ಎಂಬ ಮಾತಿನ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಗೂಗಲ್‌ನಲ್ಲಿ ಅದು ಸರಾಸರಿ. ಒಂದು ದಿನ ಅದರ ಎರಡರಷ್ಟರವರೆಗೂ ಖರ್ಚಾಗಬಹುದು, ತಿಂಗಳಿಗೆ ಮಾತ್ರ ಆ ಮೊತ್ತದ 30.4 ಪಟ್ಟು ಮೀರುವುದಿಲ್ಲ. 60,000 ಬರೆದ ಒಂದು ಕ್ಯಾಂಪೇನ್ ಒಂದೇ ದಿನ 1,20,000 ನುಂಗಬಹುದು. ಹಾಗಾಗಿ ಕ್ಯಾಂಪೇನ್ ಬಜೆಟ್ಟನ್ನು ಸುರಕ್ಷತೆಯ ಬೇಲಿ ಎಂದುಕೊಳ್ಳಬೇಡಿ. ಅದನ್ನು ಬದಲಿಸುವ ಕೈಯೇ ಕಳ್ಳನದಾದಾಗ ಬೇಲಿಯೇ ಹೊಲ ಮೇಯ್ದಂತೆ. ಬೇಲಿ ಅದರ ಹೊರಗಿರಬೇಕು: ಮುಂಚಿತವಾಗಿ ತುಂಬಿದ ಹಣ, ಇನ್ವಾಯ್ಸ್ ಖಾತೆಗೆ ಖಾತೆವಾರು ಮಿತಿ.

ಬೆಳಿಗ್ಗೆ ಆರರ ಹೊತ್ತಿಗೆ ನಿಲ್ಲಿಸಿದಾಗ 87,000. ಜಿಎಸ್‌ಟಿ ಶೇ. 18 ಸೇರಿ 1,02,660 ಆಯಿತು. ಇನ್ವಾಯ್ಸ್ ಬಂದದ್ದು ಏಜೆನ್ಸಿಯ ಹೆಸರಿಗೆ.

ಇನ್ವಾಯ್ಸ್ ಯಾರ ಹೆಸರಿಗೆ ಎಂಬುದು ಕಳ್ಳನಿಲ್ಲದ ದಿನಗಳಲ್ಲೂ ಏಜೆನ್ಸಿಯ ಆರೋಗ್ಯದ ಪ್ರಶ್ನೆ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಕ್ಲೈಂಟ್‌ನ ಜಾಹೀರಾತು ತಿಂಗಳಿಗೆ 50,000, ಏಜೆನ್ಸಿಯ ಶುಲ್ಕ 10,000 ಎಂದುಕೊಳ್ಳಿ. ಕ್ಲೈಂಟ್ ತನ್ನ ಜಿಎಸ್‌ಟಿ ಸಂಖ್ಯೆಯ ಪೇಮೆಂಟ್ಸ್ ಪ್ರೊಫೈಲ್‌ನಿಂದ ಗೂಗಲ್‌ಗೆ ನೇರವಾಗಿ ಕಟ್ಟಿದರೆ, 9,000 ತೆರಿಗೆಯ ಕ್ರೆಡಿಟ್ ಅವನಿಗೇ ನೇರ ಸಿಗುತ್ತದೆ. ಏಜೆನ್ಸಿ 10,000ಕ್ಕೆ 1,800 ಸೇರಿಸಿ ಬಿಲ್ ಕೊಟ್ಟರೆ ಮುಗಿಯಿತು. ಏಜೆನ್ಸಿಯೇ ಕಟ್ಟುವುದಾದರೆ ಗೂಗಲ್‌ಗೆ 59,000 ಕೈಯಿಂದ ಹೋಗುತ್ತದೆ, ಕ್ಲೈಂಟ್‌ಗೆ 60,000 ಮತ್ತು 10,800 ತೆರಿಗೆಯ ಬಿಲ್ ಹೋಗುತ್ತದೆ. ಕ್ಲೈಂಟ್ ಎರಡು ತಿಂಗಳು ತಡ ಮಾಡಿದರೆ ಆ 59,000 ಅಲ್ಲಿಯವರೆಗೆ ಏಜೆನ್ಸಿಯ ತಲೆಮೇಲೆ. ಅಂಥ ಹತ್ತು ಕ್ಲೈಂಟ್ ಇದ್ದರೆ 5,90,000 ಸಿಕ್ಕಿಬಿದ್ದಂತೆ, ಎರಡನೆಯ ತಿಂಗಳು ಅದರ ಇಮ್ಮಡಿ. ವಹಿವಾಟು ಆರು ಪಟ್ಟು ದೊಡ್ಡದಾಗಿ ಕಾಣುತ್ತದೆ, ಲಾಭ ಮಾತ್ರ ಅಷ್ಟೇ. ಕ್ಲೈಂಟ್ ಟಿಡಿಎಸ್ ಹಿಡಿಯುವವನಾದರೆ 10,000ದ ಬದಲು 60,000ದ ಮೇಲೆ ಹಿಡಿಯುತ್ತಾನೆ. ನನ್ನನ್ನು ಕೇಳಿದರೆ, ಕಾರ್ಡಿನ ರಿವಾರ್ಡ್ ಪಾಯಿಂಟ್ ಆಸೆಗೆ ಕ್ಲೈಂಟ್‌ಗಳ ಜಾಹೀರಾತು ಹಣವನ್ನು ತನ್ನ ಕಾರ್ಡಿನಿಂದ ಕಟ್ಟುವ ಏಜೆನ್ಸಿ ಬಡ್ಡಿಯಿಲ್ಲದೆ ಸಾಲ ಕೊಡುವ ಬ್ಯಾಂಕು.

ಈ ಪೇಮೆಂಟ್ಸ್ ಪ್ರೊಫೈಲ್ ಎಂಬುದು ಆ್ಯಡ್ಸ್ ಖಾತೆಯಿಂದ ಬೇರೆಯಾದ ವಸ್ತು ಎಂಬುದನ್ನು ಅನೇಕರು ಗಮನಿಸುವುದಿಲ್ಲ. ವಿಳಾಸ, ಜಿಎಸ್‌ಟಿ ಸಂಖ್ಯೆ, ಕಾರ್ಡು, ಇನ್ವಾಯ್ಸ್ ಅಲ್ಲಿರುತ್ತವೆ, ಅದಕ್ಕೆ ತನ್ನದೇ ಬಳಕೆದಾರರ ಪಟ್ಟಿ ಇರುತ್ತದೆ. ಆ್ಯಡ್ಸ್ ಖಾತೆಯಿಂದ ಒಬ್ಬರನ್ನು ತೆಗೆದರೆ ಆ ಪಟ್ಟಿಯಿಂದ ಹೆಸರು ತಾನಾಗಿ ಹೋಗುವುದಿಲ್ಲ. ಹುಬ್ಬಳ್ಳಿಯಲ್ಲಿ ನಾವು ಸಂಜೆ ಅದನ್ನು ತೆರೆದಾಗ ಹಳೆಯ ಅಕೌಂಟೆಂಟ್ ಒಬ್ಬರ ಹೆಸರು ಅಲ್ಲಿ ತಣ್ಣಗೆ ಕೂತಿತ್ತು.

ಮೆಟಾ ಕಡೆ, ಅಂದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತಿನಲ್ಲಿ, ಹೆಸರು ಬೇರೆ, ತತ್ವ ಇದೇ. ಎರಡು ವ್ಯತ್ಯಾಸ ಮಾತ್ರ ಹೇಳುತ್ತೇನೆ. ಅಲ್ಲಿ ನೌಕರರು ಸಾಮಾನ್ಯವಾಗಿ ತಮ್ಮ ಸ್ವಂತ ಫೇಸ್‌ಬುಕ್ ಪ್ರೊಫೈಲ್‌ನಿಂದಲೇ ಒಳಬರುವುದರಿಂದ, ಮನೆಯಲ್ಲಿ ತಮ್ಮ ಆಟವಾಡುವ ಕಂಪ್ಯೂಟರಿನಲ್ಲಿ ಆ ಪ್ರೊಫೈಲ್ ಕಳುವಾದರೂ ಕ್ಲೈಂಟ್‌ನ ಹಣಕ್ಕೆ ದಾರಿಯಾಗುತ್ತದೆ. ಇನ್ನೊಂದು, ಕ್ಲೈಂಟ್‌ನ ಆ್ಯಡ್ ಖಾತೆಯನ್ನು ಏಜೆನ್ಸಿಯ ಬಿಸಿನೆಸ್ ಪೋರ್ಟ್‌ಫೋಲಿಯೊದೊಳಕ್ಕೆ ಒಮ್ಮೆ ಸೇರಿಸಿದರೆ ಅದನ್ನು ಮತ್ತೆ ಹೊರತೆಗೆಯಲು ಬರುವುದಿಲ್ಲ. ಸೇರಿಸಬಾರದು, ಪಾರ್ಟ್‌ನರ್ ಆಗಿ ಆ್ಯಕ್ಸೆಸ್ ಮಾತ್ರ ಕೇಳಬೇಕು. ಒಳ್ಳೆಯ ಸಂಗತಿಯೆಂದರೆ ಅಲ್ಲಿ ಪ್ರತಿ ಖಾತೆಗೂ ಒಟ್ಟು ಖರ್ಚಿನ ಮಿತಿ ಹಾಕುವ ಸೌಲಭ್ಯ ಇದೆ, ಬಳಸುವವರು ಕಡಿಮೆ.

ಭಾನುವಾರ ಬೆಳಿಗ್ಗೆ ಯಜಮಾನರು ಮೊದಲು ಮಾಡಿದ್ದು ಕ್ಯಾಂಪೇನ್ ನಿಲ್ಲಿಸಿದ್ದು. ಹತ್ತು ನಿಮಿಷಕ್ಕೆ ಅವು ಮತ್ತೆ ಓಡುತ್ತಿದ್ದವು, ಕಳ್ಳ ಇನ್ನೂ ಒಳಗೇ ಇದ್ದ. ಅಂಥ ಹೊತ್ತಿನಲ್ಲಿ ಕ್ರಮ ಬಹಳ ಮುಖ್ಯ, ಮೊದಲು ಜನ, ಆಮೇಲೆ ಜಾಹೀರಾತು. ಬೇರೆ ಶುದ್ಧ ಕಂಪ್ಯೂಟರಿನಿಂದ ತುದಿಯ ಖಾತೆಗೆ ಹೋಗಿ, ಬಳಕೆದಾರರ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದುಕೊಂಡು, ಗುರುತಿಲ್ಲದ ಹೆಸರನ್ನೂ ಕಳುವಾದ ಲಾಗಿನ್ನನ್ನೂ ತೆಗೆಯಬೇಕು. ಗುರುತಿಲ್ಲದ ಮ್ಯಾನೇಜರ್ ಕೊಂಡಿಯೇನಾದರೂ ಹೊಸದಾಗಿ ಬಿದ್ದಿದೆಯೇ ನೋಡಬೇಕು. ಆ ಲಾಗಿನ್‌ನ ಪಾಸ್‌ವರ್ಡ್ ಬದಲಿಸುವುದರ ಜೊತೆಗೆ ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಿಸಬೇಕು, ಕದ್ದ ಸೆಷನ್ ಸಾಯುವುದು ಆಗಲೇ. ಆಮೇಲೆ ಕ್ಯಾಂಪೇನ್ ನಿಲ್ಲಿಸಬೇಕು. ಅಲ್ಲಿಗೆ ಮುಗಿಯಿತು ಎನ್ನುವಂತಿಲ್ಲ. ಖಾತೆಯಲ್ಲಿ ಸ್ಕ್ರಿಪ್ಟ್‌ಗಳು ಮತ್ತು ತಾನಾಗಿ ನಡೆಯುವ ನಿಯಮಗಳು ಎಂದು ಇರುತ್ತವೆ. ರಾತ್ರಿ ಹನ್ನೊಂದಕ್ಕೆ ಈ ಕ್ಯಾಂಪೇನ್ ಎಬ್ಬಿಸು ಎಂದು ಕಳ್ಳ ಒಂದು ನಿಯಮ ಬರೆದಿಟ್ಟು ಹೋಗಿರಬಹುದು. ನಮ್ಮಲ್ಲಿ ಹಾಗೆ ಒಂದು ಸಿಕ್ಕಿತು. ಅದನ್ನು ನೋಡದಿದ್ದರೆ ಭಾನುವಾರ ರಾತ್ರಿಯೂ ಹಬ್ಬವಾಗುತ್ತಿತ್ತು.

ಅಷ್ಟಾದ ಮೇಲೆ ಗೂಗಲ್‌ಗೆ ಖಾತೆ ಕಳುವಾದ ದೂರು, ಸೈಬರ್ ವಂಚನೆಯ 1930 ಸಹಾಯವಾಣಿಗೆ ಫೋನ್. ದೇಶದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ಇಂಥ ಸೈಬರ್ ಘಟನೆಯನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ಅದಕ್ಕೂ ತಿಳಿಸಬೇಕು. ಇದು ಆ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಸಣ್ಣ ಆಫೀಸುಗಳಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ.

ನೀವು ಏಜೆನ್ಸಿಗೆ ಜಾಹೀರಾತು ಕೆಲಸ ಕೊಟ್ಟ ಅಂಗಡಿಯವರೋ ಆಸ್ಪತ್ರೆಯವರೋ ಆಗಿದ್ದರೆ, ಒಮ್ಮೆ ನಿಮ್ಮ ಖಾತೆಯ `Access and security` ಪುಟ ತೆರೆಯಿರಿ. ನಿಮ್ಮ ಹೆಸರು ಅಲ್ಲಿ `Admin` ಎಂದಿದೆಯೇ, ಇನ್ನಾರ ಹೆಸರಿದೆ ನೋಡಿ. ಆ ಪುಟವೇ ನಿಮಗೆ ತೆರೆಯದಿದ್ದರೆ ಏಜೆನ್ಸಿಯವರನ್ನು ಕೇಳಿ. ಅವರು ಒಳ್ಳೆಯವರಾದರೆ ಹತ್ತು ನಿಮಿಷದಲ್ಲಿ ಕೊಡುತ್ತಾರೆ.

ಹುಬ್ಬಳ್ಳಿಯ ಏಜೆನ್ಸಿ ಆ ಇನ್ವಾಯ್ಸ್ ಕಟ್ಟಿತು, ಒಡವೆ ಅಂಗಡಿಯವರಿಗೆ ಅದರ ಬಿಲ್ ಹೋಗಲಿಲ್ಲ. ಅಂಗಡಿಯ ಖಾತೆಯಲ್ಲಿ ಈಗ ಅಂಗಡಿಯ ಯಜಮಾನರ ಮಗಳು ಅಡ್ಮಿನ್, ತಿಂಗಳಿಗೊಂದು ಮಿತಿಯೂ ಬರೆದಿದೆ. ಆ ಹುಡುಗಿ ಅಲ್ಲೇ ಕೆಲಸದಲ್ಲಿದ್ದಾಳೆ, `Standard` ಆ್ಯಕ್ಸೆಸ್, ಏಳು ಖಾತೆ. ಎಂಸಿಸಿಯ ತುದಿಯಲ್ಲಿ ಎರಡೇ ವಿಳಾಸಗಳಿವೆ, ಎರಡಕ್ಕೂ ಯುಎಸ್‌ಬಿ ಕೀ ಬೇಕು. ಯಜಮಾನರು ದಿನನಿತ್ಯ ಬಳಸುವ ಇಮೇಲ್ ಅವೆರಡರಲ್ಲಿ ಇಲ್ಲ.